ಕಂಬ ಒಂಬತ್ತು ಮೀಟರ್ ಯಾಕಿದೆ?

ಕಲಬುರಗಿಯ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಇಲ್ಲಿ ಬರೆಯುತ್ತಿರುವುದು ಒಂದು ಉತ್ತರ ಪತ್ರಿಕೆಯ ಕಥೆ. ಎರಡು ಅಂಕದ ಪ್ರಶ್ನೆ, ಅದರಲ್ಲೂ ತಪ್ಪು ನನ್ನದೇ. ಆದರೆ ಆ ಎರಡು ಅಂಕ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಹೋಗಿ ನಾನು ಇಪ್ಪತ್ತನೇ ಶತಮಾನದ ವಿಜ್ಞಾನ ತತ್ತ್ವಶಾಸ್ತ್ರದ ಒಂದು ದೊಡ್ಡ ಜಗಳದೊಳಗೆ ಕಾಲಿಟ್ಟಿದ್ದೆ.

ನಮ್ಮಲ್ಲಿ ಸೆಪ್ಟೆಂಬರ್ 17 ಎಂದರೆ ಕಲ್ಯಾಣ ಕರ್ನಾಟಕ ಉತ್ಸವ. ಅಂದು ಬೆಳಿಗ್ಗೆ ಧ್ವಜಾರೋಹಣ ಮುಗಿದು ಮಕ್ಕಳ ಕೈಗೆ ಸಿಹಿ ಬಿದ್ದ ಮೇಲೆ, ಹತ್ತನೇ ತರಗತಿಯವರನ್ನು ಅಂಗಳದಲ್ಲೇ ನಿಲ್ಲಿಸಿಕೊಂಡೆ. ಮೋಡ ಇರಲಿಲ್ಲ. ಒಂದು ಮೀಟರಿನ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳು ಅಳೆಯುತ್ತ ಹೋದೆವು. ಒಂಬತ್ತು ಗಂಟೆ ಇಪ್ಪತ್ತೈದು ನಿಮಿಷದ ಆಸುಪಾಸಿನಲ್ಲಿ ಕೋಲಿನ ನೆರಳೂ ಒಂದು ಮೀಟರಿಗೆ ಬಂತು. ಅಂದರೆ ಸೂರ್ಯ ಆಗ 45 ಡಿಗ್ರಿ ಎತ್ತರದಲ್ಲಿದ್ದ. ಕೂಡಲೇ ಧ್ವಜಸ್ತಂಭದ ನೆರಳಿನ ತುದಿಗೆ ಸೀಮೆಸುಣ್ಣದ ಗೆರೆ ಎಳೆಯಲು ಹೇಳಿದೆ. ಅಂಗಳಕ್ಕೆ ಎರಡಡಿಯ ಶಹಾಬಾದ್ ಕಲ್ಲು ಹಾಸಿದೆ, ಹಾಗಾಗಿ ನೆರಳು ಹದಿನೈದನೇ ಕಲ್ಲಿನ ಮೇಲೆ ಮುಗಿಯುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು. ಗೆರೆ ಎಲ್ಲಿ ಎಳೆಯಬೇಕು ಎಂಬುದಕ್ಕೆ ಮಾತ್ರ ಸಣ್ಣ ಜಗಳವಾಯಿತು. ಸೂರ್ಯ ಒಂದು ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಅಗಲದ ತಟ್ಟೆ. ಅಷ್ಟು ಎತ್ತರದ ಕಂಬದ ನೆರಳಿನ ತುದಿ ಕಲ್ಲಿನ ಮೇಲೆ ಸುಮಾರು ಒಂದು ಗೇಣಿನಷ್ಟು ಮಸುಕಾಗಿಯೇ ಇರುತ್ತದೆ. ಮಸುಕಿನ ನಡುವೆ ಗೆರೆ ಎಳೆದು ಟೇಪು ಹಿಡಿದಾಗ 9 ಮೀಟರ್ ಬಂತು. ಆದ್ದರಿಂದ ಕಂಬವೂ 9 ಮೀಟರ್. ಮಕ್ಕಳಿಗೆ ಖುಷಿ, ನನಗೂ ಖುಷಿ.

ಮುಂದಿನ ವಾರದ ಕಿರುಪರೀಕ್ಷೆಯಲ್ಲಿ ಇದರ ಮೇಲೆ ಎರಡು ಪ್ರಶ್ನೆ ಕೇಳಿದೆ. ಎರಡಕ್ಕೂ ನಮ್ಮ ಪ್ರಶ್ನೆಪತ್ರಿಕೆಗಳ ಮಾಮೂಲಿ ತಲೆಬರಹ: ಕಾರಣ ಕೊಡಿ. ಮೊದಲನೆಯದು, ಅಂದು 9.25ಕ್ಕೆ ಕಂಬದ ನೆರಳು 9 ಮೀಟರ್ ಇತ್ತು. ಎರಡನೆಯದು, ನಮ್ಮ ಶಾಲೆಯ ಧ್ವಜಸ್ತಂಭ 9 ಮೀಟರ್ ಎತ್ತರವಿದೆ. ಎರಡನೆಯದರಲ್ಲಿ ನಾನು ಕೇಳಬೇಕೆಂದಿದ್ದುದು ‘9 ಮೀಟರ್ ಎಂದು ಹೇಗೆ ಗೊತ್ತಾಯಿತು’ ಎಂದು. ಬರೆಯುವಾಗ ಅವಸರದಲ್ಲಿ ತಪ್ಪಿತು.

ಒಬ್ಬ ಹುಡುಗಿ ಎರಡಕ್ಕೂ ನಾಲ್ಕು ನಾಲ್ಕು ಸಾಲಿನ ಉತ್ತರ ಬರೆದಿದ್ದಳು. ಮೊದಲನೆಯದಕ್ಕೆ: ಬೆಳಕು ನೇರವಾಗಿ ಚಲಿಸುತ್ತದೆ; ಸೂರ್ಯ 45 ಡಿಗ್ರಿಯಲ್ಲಿದ್ದ; ಕಂಬ 9 ಮೀಟರ್ ಇದೆ; ಆದ್ದರಿಂದ ನೆರಳು 9 ಮೀಟರ್. ಎರಡನೆಯದಕ್ಕೆ: ಬೆಳಕು ನೇರವಾಗಿ ಚಲಿಸುತ್ತದೆ, ಸೂರ್ಯ 45 ಡಿಗ್ರಿಯಲ್ಲಿದ್ದ, ನೆರಳು 9 ಮೀಟರ್ ಇತ್ತು, ಆದ್ದರಿಂದ ಕಂಬ 9 ಮೀಟರ್ ಇದೆ.

ಮೊದಲನೆಯದಕ್ಕೆ ಪೂರ್ತಿ ಅಂಕ ಹಾಕಿದೆ. ಎರಡನೆಯದಕ್ಕೆ ಸೊನ್ನೆ ಸುತ್ತಿ, ‘ನೆರಳಿನಿಂದ ಕಂಬ ಆಗುವುದಿಲ್ಲ’ ಎಂದು ಪಕ್ಕದಲ್ಲಿ ಬರೆದೆ. ಪತ್ರಿಕೆ ಹಂಚಿದ ದಿನ ಅವಳು ಸಿಬ್ಬಂದಿ ಕೊಠಡಿಗೆ ಬಂದಳು.

“ಸರ, ಸೂತ್ರ ಅದೇ ಅದ, ಲೆಕ್ಕನೂ ಅದೇ ಅದ. ಒಂದು ಸರಿ, ಒಂದು ತಪ್ಪು ಹೆಂಗಾತ್ರಿ?”

ಪಕ್ಕದಲ್ಲಿ ಕೂತಿದ್ದ ಗಣಿತದ ಸರ್ ಪತ್ರಿಕೆ ಇಸಕೊಂಡು ನೋಡಿದರು. “ಹುಡುಗಿ ಹೇಳೂದು ಖರೆ ಅದ ನೋಡ್ರಿ. ಸಮೀಕರಣಕ್ಕ ಎಡ ಬಲ ಅಂತ ಏನರ ಭೇದ ಅದಾ? ಅಂಕ ಕೊಡ್ರಿ.”

ನಾಳೆ ಹೇಳುತ್ತೇನೆ ಎಂದು ಅವಳನ್ನು ಕಳಿಸಿದೆ. ಹೇಳಲು ಏನೂ ಇರಲಿಲ್ಲ ಎಂಬುದು ಸತ್ಯ.

ಗಣಿತದ ಸರ್ ಅರಿವಿಲ್ಲದೆಯೇ ಹಿಡಿದಿದ್ದ ಪಕ್ಷಕ್ಕೆ ಒಂದು ಹೆಸರಿದೆ. ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಕಾರ್ಲ್ ಹೆಂಪೆಲ್, ಪಾಲ್ ಒಪೆನ್‌ಹೈಮ್ ಜೊತೆ ಸೇರಿ 1948ರಲ್ಲಿ ಒಂದು ಲೇಖನ ಪ್ರಕಟಿಸಿದರು. (ನಮ್ಮ ಭಾಗ ನಿಜಾಮರ ಆಳ್ವಿಕೆಯಿಂದ ಬಿಡುಗಡೆ ಆದ ವರ್ಷವೇ. ಕಾಕತಾಳೀಯ, ಆದರೂ ನನಗೆ ವರ್ಷ ನೆನಪಿರುವುದು ಇದರಿಂದಲೇ.) ವಿಜ್ಞಾನದಲ್ಲಿ ‘ಯಾಕೆ’ ಎಂಬ ಪ್ರಶ್ನೆಗೆ ಉತ್ತರ ಕೊಡುವುದೆಂದರೆ ಏನು ಎಂಬುದಕ್ಕೆ ಅವರು ಕೊಟ್ಟ ರೂಪ ಬಹಳ ಸರಳ. ಒಂದು ಘಟನೆಯನ್ನು ವಿವರಿಸುವುದೆಂದರೆ, ಅದನ್ನು ಒಂದು ಪ್ರಕೃತಿ ನಿಯಮದ ಅಡಿಗೆ ತರುವುದು. ನಿಯಮ ಮತ್ತು ಅಂದಿನ ಪರಿಸ್ಥಿತಿ ಎರಡನ್ನೂ ಮೇಲೆ ಬರೆದರೆ, ಘಟನೆ ಕೆಳಗೆ ತರ್ಕದಿಂದ ತಾನಾಗಿ ಇಳಿಯಬೇಕು. ನಿಯಮ ಘಟನೆಯನ್ನು ಹೊದ್ದುಕೊಂಡಂತೆ ಇರುವುದರಿಂದ ಇದಕ್ಕೆ ಮುಂದೆ ಕವರಿಂಗ್ ಲಾ ಮಾದರಿ ಎಂಬ ಹೆಸರು ನಿಂತಿತು.

ಅವರು ಹಾಕಿದ ಷರತ್ತುಗಳು ನಾಲ್ಕು. ಮೇಲಿನ ಮಾತುಗಳಿಂದ ಕೆಳಗಿನ ಮಾತು ತರ್ಕಬದ್ಧವಾಗಿ ಬರಬೇಕು. ಮೇಲಿನ ಮಾತುಗಳಲ್ಲಿ ಕನಿಷ್ಠ ಒಂದು ನಿಯಮ ಇರಬೇಕು, ಅದೂ ಶೋಭೆಗಲ್ಲ, ತೆಗೆದರೆ ಲೆಕ್ಕ ಬೀಳುವಂತಿರಬೇಕು. ಆ ಮಾತುಗಳು ನೋಡಿ ಅಳೆದು ಪರೀಕ್ಷಿಸುವಂಥವಾಗಿರಬೇಕು. ಕೊನೆಗೆ, ಅವು ನಿಜವಾಗಿರಬೇಕು.

ಆ ರಾತ್ರಿ ಹುಡುಗಿಯ ಎರಡನೇ ಉತ್ತರವನ್ನು ಇದರ ಮುಂದೆ ಇಟ್ಟು ನೋಡಿದೆ. ತರ್ಕ ಸರಿಯಿದೆ. ಬೆಳಕು ನೇರ ಚಲಿಸುತ್ತದೆ ಎಂಬ ನಿಯಮ ತೆಗೆದರೆ ಲೆಕ್ಕ ನಿಲ್ಲುವುದಿಲ್ಲ. ಕೋನ, ನೆರಳು ಎರಡನ್ನೂ ನಾವೇ ಅಳೆದಿದ್ದೇವೆ. ಎಲ್ಲವೂ ನಿಜ. ಹೆಂಪೆಲ್ ಪ್ರಕಾರ ಅವಳಿಗೆ ಎರಡಕ್ಕೆ ಎರಡು ಅಂಕ ಬರಬೇಕು.

ಹಾಗಿದ್ದೂ ಅದು ‘ಯಾಕೆ’ಗೆ ಉತ್ತರವಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಕಂಬ ಒಂಬತ್ತು ಮೀಟರ್ ಇರುವುದಕ್ಕೆ ಅದರ ನೆರಳು ಕಾರಣ ಎಂದರೆ ನಮ್ಮ ಓಣಿಯ ಮುತ್ಯಾಗಳೂ ನಗುತ್ತಾರೆ. ಈ ನಗುವನ್ನು ಹೆಂಪೆಲ್ ಮಾದರಿಗೆ ಎದುರಾಗಿ ನಿಲ್ಲಿಸಿದವರು ಸಿಲ್ವೇನ್ ಬ್ರೊಂಬರ್ಗರ್. 1960ರ ದಶಕದಿಂದ ಧ್ವಜಸ್ತಂಭ ಮತ್ತು ನೆರಳಿನ ಉದಾಹರಣೆ ಅವರ ಹೆಸರಿನಲ್ಲೇ ಚಲಾವಣೆಯಲ್ಲಿದೆ. ಇದರ ಏಟು ಎಲ್ಲಿ ಬೀಳುತ್ತದೆ ಎಂದು ಗಮನಿಸಬೇಕು. ಮಾದರಿಯಲ್ಲಿ ಏನೋ ಸಣ್ಣ ಷರತ್ತು ಬಿಟ್ಟುಹೋಗಿದೆ ಎಂಬುದಲ್ಲ ಆಕ್ಷೇಪ. ತರ್ಕ ಮತ್ತು ಸಮೀಕರಣ ಎರಡೂ ದಿಕ್ಕಿಗೆ ಓಡುತ್ತವೆ, ವಿವರಣೆ ಒಂದೇ ದಿಕ್ಕಿಗೆ ಓಡುತ್ತದೆ. ಹಾಗಾದರೆ ತರ್ಕವನ್ನಷ್ಟೇ ಇಟ್ಟುಕೊಂಡು ವಿವರಣೆಯನ್ನು ಕಟ್ಟಲು ಆಗುವುದಿಲ್ಲ.

ತೇಪೆ ಹಾಕಿ ಉಳಿಸಬಹುದೇ ಎಂದು ಒಂದೆರಡು ದಾರಿ ನೋಡಿದೆ. ಮೊದಲು ಹೊಳೆದದ್ದು ಕಾಲ. ಕಾರಣ ಮೊದಲು ಬರುತ್ತದೆ, ಪರಿಣಾಮ ಆಮೇಲೆ. ಕಂಬದ ತುದಿಯಿಂದ ನೆರಳಿನ ತುದಿಗೆ ಸುಮಾರು 12.7 ಮೀಟರ್; ಬೆಳಕಿಗೆ ಅದನ್ನು ದಾಟಲು 42 ನ್ಯಾನೊಸೆಕೆಂಡ್ ಬೇಕು. ಆ ಲೆಕ್ಕದಲ್ಲಿ ನೆರಳು ಕಂಬಕ್ಕಿಂತ ಕೂದಲೆಳೆಯಷ್ಟು ಹಿಂದೆ. ಹಾಗಾದರೆ ‘ಮೊದಲಿನದರಿಂದ ಆಮೇಲಿನದನ್ನು ಮಾತ್ರ ತೆಗೆಯಬೇಕು’ ಎಂದು ಐದನೇ ಷರತ್ತು ಹಾಕಿದರೆ? ಕಂಬದ ಮಟ್ಟಿಗೆ ಅದು ಕೆಲಸ ಮಾಡುತ್ತದೆ. ಆದರೆ ವಾಯುಭಾರಮಾಪಕ ಇದೆಯಲ್ಲ. ಅದರ ಮುಳ್ಳು ಸರ್ರನೆ ಇಳಿಯಿತು ಎಂದರೆ ಸ್ವಲ್ಪ ಹೊತ್ತಿನಲ್ಲಿ ಬಿರುಗಾಳಿ. ಮುಳ್ಳು ಮೊದಲು, ಗಾಳಿ ಆಮೇಲೆ, ಎರಡನ್ನೂ ಕಟ್ಟುವ ನಿಯಮದಂಥದ್ದೂ ಇದೆ. ಆದರೂ ಮುಳ್ಳು ಇಳಿದದ್ದರಿಂದ ಬಿರುಗಾಳಿ ಬಂತು ಎಂದು ಯಾರೂ ಹೇಳುವುದಿಲ್ಲ. ಮುಳ್ಳನ್ನೂ ಗಾಳಿಯನ್ನೂ ಆಡಿಸಿದ್ದು ವಾಯುಭಾರದ ಕುಸಿತ. ಹೀಗಾಗಿ ಕಾಲದ ತೇಪೆ ಅಲ್ಲಿಗೇ ಹರಿಯಿತು.

ಎರಡನೆಯದು ನಮ್ಮ ಊರಿನದೇ ತೇಪೆ, ಅದನ್ನು ಕಂಡುಕೊಂಡಾಗ ನನಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು. ಕಲಬುರಗಿ ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಮೇ ಎರಡನೇ ವಾರದಲ್ಲಿ ಒಂದು ದಿನ, ಆಗಸ್ಟ್ ಮೊದಲ ವಾರದಲ್ಲಿ ಇನ್ನೊಂದು ದಿನ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ನೆಟ್ಟಗಿನ ಕಂಬಕ್ಕೆ ನೆರಳೇ ಇರುವುದಿಲ್ಲ. ಆ ಕ್ಷಣದಲ್ಲಿ ಕಂಬದಿಂದ ನೆರಳನ್ನು ಲೆಕ್ಕ ಹಾಕಬಹುದು: ಸೊನ್ನೆ. ನೆರಳಿನಿಂದ ಕಂಬವನ್ನು ಹಾಕಲು ಬರುವುದಿಲ್ಲ, ಒಂಬತ್ತು ಮೀಟರಿನದೂ ತೊಂಬತ್ತು ಮೀಟರಿನದೂ ಅದೇ ಸೊನ್ನೆ. ನೋಡಿ, ಗಣಿತದಲ್ಲೇ ದಿಕ್ಕು ಸಿಕ್ಕಿತು ಎಂದುಕೊಂಡೆ. ಬೆಳಿಗ್ಗೆ ಗಣಿತದ ಸರ್‌ಗೆ ಹೇಳಿದರೆ ಚಹಾ ಕುಡಿಯುತ್ತಲೇ ಅದನ್ನು ಮುಗಿಸಿದರು: “ಹತ್ತು ನಿಮಿಷ ನಿಂದರ್ರಿ, ನೆರಳು ಹೊಳ್ಳಿ ಬರ್ತದ. ಆಮ್ಯಾಲೆ ಏನು ಮಾಡ್ತೀರಿ?” ಖರೆ. ಆ ಒಂದು ಕ್ಷಣ ಬಿಟ್ಟರೆ ಉಳಿದ ಹಗಲೆಲ್ಲ ಎರಡೂ ದಿಕ್ಕಿನ ಲೆಕ್ಕ ಸರಾಗ.

ಇಲ್ಲಿ ನಮ್ಮದೇ ಹಳೆಯ ಮಾತೊಂದು ಕೈಹಿಡಿಯಿತು. ಸಂಸ್ಕೃತ ಶಾಸ್ತ್ರಗಳಲ್ಲಿ ಹೇತುವನ್ನು ಎರಡಾಗಿ ಹೇಳುತ್ತಾರೆ, ಕಾರಕ ಹೇತು ಮತ್ತು ಜ್ಞಾಪಕ ಹೇತು. ಒಂದು ವಸ್ತುವನ್ನು ಉಂಟುಮಾಡುವುದು ಕಾರಕ. ಅದು ಇದೆ ಎಂದು ತಿಳಿಸಿಕೊಡುವುದು ಜ್ಞಾಪಕ. ಗುಡ್ಡದ ಮೇಲೆ ಹೊಗೆ ಕಂಡು ಬೆಂಕಿ ಇದೆ ಎನ್ನುತ್ತೇವೆ. ಹೊಗೆ ಬೆಂಕಿಯ ಜ್ಞಾಪಕ, ಬೆಂಕಿ ಹೊಗೆಯ ಕಾರಕ. ಸೆಪ್ಟೆಂಬರ್ 17ರ ನೆರಳು ನಮಗೆ ಕಂಬದ ಎತ್ತರವನ್ನು ತಿಳಿಸಿಕೊಟ್ಟಿತು, ಉಂಟುಮಾಡಲಿಲ್ಲ. ಕನ್ನಡದ ‘ಕಾರಣ’ ಎರಡನ್ನೂ ನುಂಗಿಕೊಂಡುಬಿಟ್ಟಿದೆ. ‘ಕಾರಣ ಕೊಡಿ’ ಎಂದು ಕೇಳಿದ ಮೇಷ್ಟ್ರಿಗೆ ಹುಡುಗಿ ಜ್ಞಾಪಕ ಕೊಟ್ಟರೆ ತಪ್ಪು ಅವಳದಲ್ಲ.

ಆದರೆ ಹೆಸರು ಕೊಟ್ಟ ಮಾತ್ರಕ್ಕೆ ಪ್ರಶ್ನೆ ತೀರುವುದಿಲ್ಲ. ಇದು ಕಾರಕ, ಇದು ಜ್ಞಾಪಕ ಎಂದು ಗುರುತಿಸುವುದು ಹೇಗೆ? ಕಾರಣ ಎಂಬ ಶಬ್ದವನ್ನು ಮುಟ್ಟದೆ ಬರೀ ತರ್ಕ ಮತ್ತು ನಿಯಮದಿಂದ ಕೆಲಸ ತೆಗೆಯಲು ಹೆಂಪೆಲ್ ನೋಡಿದ್ದೇ ಅದಕ್ಕೆ. ಕಾರಣ ಎಂಬುದು ಕಣ್ಣಿಗೆ ಕಾಣುವುದಿಲ್ಲ, ನಿಯಮ ಮತ್ತು ಅಳತೆ ಕಾಣುತ್ತವೆ. ಜೇಮ್ಸ್ ವುಡ್‌ವರ್ಡ್ 2003ರಲ್ಲಿ ಇದಕ್ಕೆ ಕೊಟ್ಟ ಉತ್ತರ ನನ್ನಂಥ ಪ್ರಯೋಗಶಾಲೆಯ ಮನುಷ್ಯನಿಗೆ ಹಿಡಿಸುತ್ತದೆ: ಕೈ ಹಾಕಿ ಅಲ್ಲಾಡಿಸಿ ನೋಡು. ಒಂದನ್ನು ಬದಲಿಸಿದರೆ ಇನ್ನೊಂದು ಬದಲಾದೀತೇ?

ಹುಡುಗಿಯನ್ನು ಅಂಗಳಕ್ಕೆ ಕರೆದೆ. ಒಂದು ಹಳೆಯ ಕಪ್ಪು ಹಲಗೆಯನ್ನು ನೆರಳಿನ ತುದಿಗಿಂತ ಎರಡು ಕಲ್ಲು ಈಚೆ ಅಡ್ಡ ಹಿಡಿಯಲು ಹೇಳಿದೆ. ನೆರಳು ನೆಲ ಬಿಟ್ಟು ಹಲಗೆ ಹತ್ತಿತು, ನೆಲದ ಮೇಲಿನ ಉದ್ದ ನಾಲ್ಕಡಿ ಕಡಿಮೆಯಾಯಿತು.

“ಕಂಬ ಗಿಡ್ಡಾಯ್ತೇನು ನೋಡು.”

ಅವಳು ಒಮ್ಮೆ ತಲೆಯೆತ್ತಿ ನಿಜಕ್ಕೂ ನೋಡಿದಳು, ಆಮೇಲೆ ನಕ್ಕಳು. ಮಧ್ಯಾಹ್ನ ಹನ್ನೆರಡೂಕಾಲಿಗೆ ಮತ್ತೆ ಬಂದೆವು. ಸೂರ್ಯ ತಾನೇ ಮೇಲೇರಿ ನೆರಳನ್ನು ಮೂರು ಮೀಟರಿನ ಹತ್ತಿರಕ್ಕೆ ಇಳಿಸಿದ್ದ. ಕಂಬ ಹಾಗೇ ನಿಂತಿತ್ತು. ಅದೇ ಕಂಬವನ್ನೇ ಅರ್ಧಕ್ಕೆ ಕೊಯ್ದರೆ ನೆರಳೂ ಅರ್ಧವಾಗುತ್ತದೆ ಎಂದೆ. ಸಮೀಕರಣ ಎರಡೂ ಕಡೆ ಓಡುತ್ತದೆ, ಕೈ ಒಂದೇ ಕಡೆ ಓಡುತ್ತದೆ. ಅವಳಿಗೆ ಒಪ್ಪಿಗೆಯಾದಂತೆ ಕಂಡಿತು. ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಹಲಗೆ ಎತ್ತಿಕೊಂಡು ಹೋಗಲು ಬಂದ ಸಿಪಾಯಿ ಕಾಕಾ ನಮ್ಮ ಮಾತು ಕೇಳುತ್ತ ನಿಂತಿದ್ದರು. “ಕೊಯ್ಯೂದು ಏನು ಹೊಸಾದ್ರಿ ಸರ. ಅದು ಒಮ್ಮೆ ಕೊಯ್ಸಿಕೊಂಡದ್ದೇ ಅದ.”

ಕಂಬದ ಬುಡಕ್ಕೆ ಕರೆದೊಯ್ದು ತೋರಿಸಿದರು. ನೆಲದಿಂದ ಒಂದು ಮೊಳ ಮೇಲೆ, ಬಿಳಿ ಬಣ್ಣದ ಕೆಳಗೆ ಉಬ್ಬಿಕೊಂಡ ವೆಲ್ಡಿಂಗ್ ಗೆರೆ. ವರ್ಷಾನುಗಟ್ಟಲೆ ಆ ಕಂಬದ ಬಳಿ ನಿಂತು ವಂದನೆ ಮಾಡಿದ್ದೇನೆ, ಒಮ್ಮೆಯೂ ಕಂಡಿರಲಿಲ್ಲ. ನಾನು ಈ ಶಾಲೆಗೆ ಬರುವ ಮೊದಲಿನ ಕಥೆ. ಆಗ ಅದು ಹನ್ನೆರಡು ಮೀಟರಿನ ಜಿಐ ಪೈಪು. ಬೋರ್‌ವೆಲ್ ಮೋಟರಿಗೆ ಸೋಲಾರ್ ಪ್ಯಾನೆಲ್ ಹಾಕಿಸಿದಾಗ, ಜಾಗ ಸಿಕ್ಕಿದ್ದು ಕಂಬದ ನೇರ ಉತ್ತರಕ್ಕೆ ಎಂಟು ಮೀಟರ್ ದೂರದಲ್ಲಿ. ಬೇಸಿಗೆಯಲ್ಲಿ ಏನೂ ಆಗಲಿಲ್ಲ. ಚಳಿಗಾಲ ಬಂದಾಗ ಬಿಸಿಯೂಟದ ಹೊತ್ತಿಗೇ ನೀರು ಸಣ್ಣದಾಗತೊಡಗಿತು. “ನೆರಳು ಹೋಗಿ ಪ್ಯಾನೆಲ್ ಮ್ಯಾಲೆ ಬೀಳ್ತಿತ್ರಿ. ಆಗಿನ ಹೆಡ್ ಮಾಸ್ತರ್ರು ಲೆಕ್ಕ ಹಾಕಿ ಮೂರು ಮೀಟರ್ ಕೊಯ್ಸಿದ್ರು. ಮ್ಯಾಲೆ ರಾಟೆ ಇತ್ತಲ್ರಿ, ಅದಕ್ಕ ಬುಡಕ್ಕೇ ಕಟರ್ ಹಚ್ಚಿದ್ವಿ.”

ಹುಡುಗಿ ನನ್ನ ಮುಖ ನೋಡಿದಳು. “ಅಂದ್ರ ಸರ, ನೆರಳಿನ ಸಲುವಾಗೇ ಕಂಬ ಒಂಬತ್ತು ಮೀಟರ್ ಅದ ಅಲ್ರಿ?”

ತೆಳ್ಳನೆಯ ನೆರಳೂ ಸೋಲಾರ್‌ಗೆ ಸಣ್ಣ ಸಂಗತಿಯಲ್ಲ. ಪ್ಯಾನೆಲ್ಲಿನ ಕೋಶಗಳು ಸರಪಳಿಯಂತೆ ಸಾಲಾಗಿ ಜೋಡಿಸಿರುವುದರಿಂದ ನೆರಳು ಬಿದ್ದ ಕೋಶ ಇಡೀ ಸಾಲಿನ ವಿದ್ಯುತ್ತನ್ನು ಹಿಡಿದು ಎಳೆಯುತ್ತದೆ. ಹಳೆಯ ಹೆಡ್ ಮಾಸ್ತರರ ಲೆಕ್ಕವನ್ನು ನಾನೂ ಹಾಕಿ ನೋಡಿದೆ. ಕಲಬುರಗಿಯಲ್ಲಿ ಮಧ್ಯಾಹ್ನದ ಸೂರ್ಯ ಅತಿ ಕೆಳಗಿರುವುದು ಡಿಸೆಂಬರ್ 22ರ ಸುಮಾರಿಗೆ, 49 ಡಿಗ್ರಿ ಚಿಲ್ಲರೆ. ಆಗ ಎತ್ತರ ಭಾಗಿಸು 1.16 ಎಂದರೆ ನೆರಳು. ಹನ್ನೆರಡು ಮೀಟರಿನ ಕಂಬಕ್ಕೆ ಹತ್ತು ಮೀಟರ್ ದಾಟಿದ ನೆರಳು, ನೇರ ಉತ್ತರಕ್ಕೆ, ಪ್ಯಾನೆಲ್ಲಿನ ಒಳಗೇ. ಎಂಟು ಮೀಟರಿಗೆ ನಿಲ್ಲಬೇಕಾದರೆ ಕಂಬ 9.28 ಮೀಟರ್ ಮೀರಬಾರದು. ಅವರು 9ಕ್ಕೆ ಕೊಯ್ಸಿದ್ದರು. ಒಳ್ಳೆಯ ಲೆಕ್ಕ.

ಇಂಥದ್ದೇ ತಿರುವು ತತ್ತ್ವಶಾಸ್ತ್ರದಲ್ಲೂ ಇದೆ. ಬಾಸ್ ವಾನ್ ಫ್ರಾಸನ್ 1980ರಲ್ಲಿ ಒಂದು ಗೋಪುರದ ಕಥೆ ಹೇಳಿದರು: ಒಂದು ಜಾಗದ ಮೇಲೆ ನೆರಳು ಬೀಳಲೆಂದೇ ಅಷ್ಟು ಎತ್ತರಕ್ಕೆ ಕಟ್ಟಿಸಿದ ಗೋಪುರ. ಅಲ್ಲಿ ಎತ್ತರ ಯಾಕೆ ಎಂದರೆ ಉತ್ತರ ನೆರಳೇ. ಯಾವುದು ವಿವರಿಸುತ್ತದೆ, ಯಾವುದನ್ನು ವಿವರಿಸುತ್ತದೆ ಎಂಬುದು ಪ್ರಕೃತಿಯಲ್ಲಿ ಕೊರೆದಿಟ್ಟದ್ದಲ್ಲ, ಕೇಳುವವರ ಸಂದರ್ಭಕ್ಕೆ ತಕ್ಕಂತೆ ಅದು ತಿರುಗಬಹುದು ಎಂದು ಅವರ ವಾದ. ಬಲವಾದ ವಾದ. ನಮ್ಮ ಅಂಗಳದಲ್ಲಿ ಕಥೆಯಲ್ಲ, ವೆಲ್ಡಿಂಗ್ ಗೆರೆಯೇ ಸಾಕ್ಷಿಯಾಗಿ ಇತ್ತು.

ಆದರೂ ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಹುಡುಗಿ ಉತ್ತರದಲ್ಲಿ ಬರೆದ ನೆರಳು ಯಾವುದು? ಸೆಪ್ಟೆಂಬರ್ 17ರ ಬೆಳಿಗ್ಗೆಯದು. ಆಗ ಸೂರ್ಯ ಪೂರ್ವದಲ್ಲಿದ್ದ, ನೆರಳು ಪಶ್ಚಿಮದ ಗೇಟಿನ ಕಡೆ ಬಿದ್ದಿತ್ತು, ಉತ್ತರದ ಪ್ಯಾನೆಲ್ಲಿಗೆ ಅದರ ಗಂಧಗಾಳಿಯೂ ಇಲ್ಲ. ಕಂಬ ಕೊಯ್ಸಿದ್ದು ಆ ನೆರಳಲ್ಲ. ಕೊಯ್ದ ಕಂಬಕ್ಕೆ ಡಿಸೆಂಬರಿನಲ್ಲಿ ಈಗ ಬೀಳುವ ನೆರಳೂ ಅಲ್ಲ, ಅದು ಕೊಯ್ದ ಮೇಲೆ ಹುಟ್ಟಿದ್ದು. ಕೊಯ್ಸಿದ್ದು, ಹಳೆಯ ಹನ್ನೆರಡು ಮೀಟರಿನ ಕಂಬದ ನೆರಳು ಕಂಡು ಹೆಡ್ ಮಾಸ್ತರರಿಗೆ ಬಂದ ತಲೆನೋವು ಮತ್ತು ಅವರು ಹಾಕಿದ ಲೆಕ್ಕ. ಅಲ್ಲಾಡಿಸಿ ನೋಡುವ ಪರೀಕ್ಷೆಯನ್ನು ಇಲ್ಲೂ ಮಾಡಬಹುದು. ಪ್ಯಾನೆಲ್ ಹನ್ನೊಂದು ಮೀಟರ್ ದೂರ ಇದ್ದಿದ್ದರೆ ಕಂಬ ಇಂದೂ ಹನ್ನೆರಡೇ ಇರುತ್ತಿತ್ತು. ಅಂದು ಬೆಳಿಗ್ಗೆ ಮೋಡ ಕವಿದು ನೆರಳೇ ಬೀಳದಿದ್ದರೆ? ಆಗಲೂ ಕಂಬ ಒಂಬತ್ತೇ. ದಿಕ್ಕು ತಿರುಗಿದಂತೆ ಕಂಡದ್ದು, ಒಂದೇ ‘ನೆರಳು’ ಎಂಬ ಮಾತಿನ ಕೆಳಗೆ ಮೂರು ಬೇರೆ ನೆರಳುಗಳು ಕೂತಿದ್ದರಿಂದ.

ಹೆಂಪೆಲ್‌ಗೆ ಇಲ್ಲಿ ಸಲ್ಲಬೇಕಾದ್ದನ್ನೂ ಸಲ್ಲಿಸಬೇಕು. ಹೆಡ್ ಮಾಸ್ತರರ ತಲೆಯಲ್ಲಿದ್ದ ಲೆಕ್ಕದ ನಿಯಮವೂ ಬೆಳಕು ನೇರ ಚಲಿಸುತ್ತದೆ ಎಂಬುದೇ. ಅದಿಲ್ಲದೆ 9 ಎಂಬ ಸಂಖ್ಯೆ ಎಲ್ಲಿಂದಲೂ ಬರುತ್ತಿರಲಿಲ್ಲ, ಎಂಟೋ ಹತ್ತೋ ಎಂದು ಕಣ್ಣಳತೆಯಲ್ಲಿ ಕೊಯ್ಯಬೇಕಿತ್ತು. ನಿಯಮ ಬೇಕು. ಯಾವ ಕಡೆಯಿಂದ ಯಾವ ಕಡೆಗೆ ಎಂಬುದನ್ನು ಮಾತ್ರ ನಿಯಮ ಹೇಳುವುದಿಲ್ಲ. ಅಲ್ಲಾಡಿಸಿ ನೋಡುವ ಪರೀಕ್ಷೆಗೂ ಮಿತಿ ಇದೆ: ಮುಚ್ಚಿದ ಪಾತ್ರೆಯ ಅನಿಲದಲ್ಲಿ ಕಾಯಿಸಿದರೆ ಒತ್ತಡ ಏರುತ್ತದೆ, ಅದುಮಿದರೆ ಕಾವು ಏರುತ್ತದೆ, ಅಲ್ಲಿ ಕೈ ಎರಡೂ ಕಡೆ ಓಡುತ್ತದೆ, ಯಾವುದನ್ನು ಹಿಡಿದಿಟ್ಟು ಯಾವುದನ್ನು ಬಿಟ್ಟೆವು ಎಂದು ಹೇಳದೆ ದಿಕ್ಕು ಗೊತ್ತಾಗುವುದಿಲ್ಲ. ಕಂಬ ಮತ್ತು ನೆರಳು ಅಷ್ಟು ಕಗ್ಗಂಟಲ್ಲ, ಅದಕ್ಕೇ ಅದು ಎಲ್ಲರ ಬಾಯಲ್ಲಿ ಉಳಿದಿದೆ.

ಹುಡುಗಿಗೆ ಎರಡರಲ್ಲಿ ಒಂದು ಅಂಕ ಕೊಟ್ಟೆ. ನನ್ನ ಪ್ರಶ್ನೆ ‘ಹೇಗೆ ಗೊತ್ತು’ ಎಂದು ಕೇಳಿದ್ದರೆ ಅವಳ ಉತ್ತರ ಪೂರ್ತಿ ಸರಿ, ‘ಯಾಕೆ’ ಎಂದು ಕೇಳಿದ್ದರೆ ಪೂರ್ತಿ ತಪ್ಪು. ನಾನು ಎರಡರ ನಡುವೆ ಏನನ್ನೋ ಕೇಳಿದ್ದೆ. ಅವಳು ಸುಮ್ಮನೆ ತೆಗೆದುಕೊಂಡಳು. ಗಣಿತದ ಸರ್ ಮಾತ್ರ ಇನ್ನೊಂದು ಅಂಕ ನಾನು ಬಾಕಿ ಇದ್ದೇನೆ ಎಂದು ಇಂದಿಗೂ ಹೇಳುತ್ತಾರೆ.

ಮುಂದಿನ ವರ್ಷ ಪ್ರಶ್ನೆಯನ್ನು ಎರಡು ಮಾಡಿ ಬರೆದೆ. ಕಂಬದ ಎತ್ತರ 9 ಮೀಟರ್ ಎಂದು ನೀವು ಹೇಗೆ ಕಂಡುಹಿಡಿದಿರಿ? ಕಂಬ 9 ಮೀಟರ್ ಯಾಕಿದೆ? ಎರಡನೆಯದಕ್ಕೆ ಬಹಳ ಮಂದಿ ಜಾಗ ಖಾಲಿ ಬಿಟ್ಟಿದ್ದರು. ಒಬ್ಬ ಹುಡುಗ ಒಂದೇ ಸಾಲು ಬರೆದಿದ್ದ: ಕಾಕಾ ಕೊಯ್ಸಿದ್ದಕ್ಕೆ. ಯಾರು ಹೇಳಿದರೋ ಗೊತ್ತಿಲ್ಲ. ಪೂರ್ತಿ ಅಂಕ ಹಾಕಿದೆ.